ಬೊಂಬೆ ಸಂಘ ಆನ್‌ಲೈನ್ ಅಂಗಡಿಗೆ ಬರೆಯುವ ಕಾಗದ

2023ರ ಮಾರ್ಚ್‌ನಲ್ಲಿ ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಹೊಸ ರಸ್ತೆ ಚನ್ನಪಟ್ಟಣದ ಊರೊಳಗೆ ಬರುವುದಿಲ್ಲ, ಪಕ್ಕದಲ್ಲೇ ಹಾದುಹೋಗುತ್ತದೆ. ಮೈಸೂರಿಗೆ ಹೊರಟವರು ಕಾಫಿಗೆ ಇಳಿದು ಹಳೇ ಹೆದ್ದಾರಿಯ ಅಂಗಡಿಗಳಲ್ಲಿ ಮಕ್ಕಳಿಗೊಂದು ಬೊಂಬೆ ಕೊಳ್ಳುತ್ತಿದ್ದ ವ್ಯಾಪಾರ ಅಷ್ಟರಮಟ್ಟಿಗೆ ಕುಗ್ಗಿತು. ಗಿರಾಕಿ ಬಾಗಿಲಿಗೆ ಬರದಿದ್ದರೆ ಬೊಂಬೆಯೇ ಗಿರಾಕಿಯ ಬಾಗಿಲಿಗೆ ಹೋಗಬೇಕು, ಅದಕ್ಕೆ ಈಗಿರುವ ದೊಡ್ಡ ದಾರಿ ಆನ್‌ಲೈನ್ ಮಾರಾಟ. ಈ ದಾರಿಗೂ ಸುಂಕ ಉಂಟು. ಎಷ್ಟು ಕೊಡಬೇಕು, ಯಾವ ಷರತ್ತಿನ ಮೇಲೆ ಕೊಡಬೇಕು ಎಂಬ ಚೌಕಾಸಿ ನಡೆಯುವುದು ಕಾಗದದಲ್ಲಿ.

ಹತ್ತಿಪ್ಪತ್ತು ಲೇತ್‌ಗಳ ಒಂದು ಸಣ್ಣ ಕುಶಲಕರ್ಮಿ ಸಹಕಾರ ಸಂಘ ದೇಶದ ದೊಡ್ಡ ಆನ್‌ಲೈನ್ ಮಾರಾಟ ಕಂಪನಿಯೊಂದಕ್ಕೆ ಅಂಥ ಕಾಗದ ಬರೆಯುತ್ತಿದೆ ಎಂದಿಟ್ಟುಕೊಳ್ಳೋಣ. ಸಾಮಾನ್ಯವಾಗಿ ಇಂಥ ಪತ್ರಗಳು ಕಲೆಯ ಹಿರಿಮೆಯಿಂದ ಶುರುವಾಗುತ್ತವೆ. ಟಿಪ್ಪುವಿನ ಕಾಲ, ಪರ್ಷಿಯಾದ ಕುಶಲಕರ್ಮಿಗಳು, ಆಲೆ ಮರ, ಅರಗಿನ ಬಣ್ಣ, ಇಷ್ಟೆಲ್ಲ ಆಗಿ ಕೊನೆಯ ಸಾಲಿನಲ್ಲಿ ‘ಆದ್ದರಿಂದ ಕಮಿಷನ್ ಕಡಿಮೆ ಮಾಡಬೇಕಾಗಿ ಪ್ರಾರ್ಥನೆ’ ಎಂದಿರುತ್ತದೆ. ಕಂಪನಿಯ ಕಡೆ ಅದನ್ನು ಓದುವವರು ಆಟಿಕೆ ವಿಭಾಗ ನೋಡಿಕೊಳ್ಳುವ ಮ್ಯಾನೇಜರ್. ಸಾವಿರಾರು ಮಾರಾಟಗಾರರಿಗೆ ಒಂದೇ ದರಪಟ್ಟಿ ಇಟ್ಟುಕೊಂಡು ಕೂತವರಿಗೆ ಪ್ರಾರ್ಥನೆಯನ್ನು ಯಾವ ಕಡತಕ್ಕೆ ಸೇರಿಸಬೇಕೆಂದೇ ತೋಚುವುದಿಲ್ಲ. ಅವರು ಮೇಲಿನವರಿಗೆ ತೋರಿಸಿ ಒಪ್ಪಿಸಬಹುದಾದದ್ದು ಒಂದೇ: ಒಂದು ಬೊಂಬೆಯ ಪೂರ್ತಿ ಲೆಕ್ಕ.

ಆ ಲೆಕ್ಕವನ್ನೇ ಹಾಕಿ ನೋಡೋಣ. ಸಾಮಾನು ಬಣ್ಣದ ಉಂಗುರಗಳನ್ನು ಕಂಬಕ್ಕೆ ಏರಿಸುವ ಮರದ ಆಟಿಕೆ. ಅಂಕಿಗಳು ಉದಾಹರಣೆಗೆ ಹಿಡಿದವು. ದರಗಳು ಕಂಪನಿಯಿಂದ ಕಂಪನಿಗೆ ಬೇರೆಯಾದರೂ ಲೆಕ್ಕದ ಕ್ರಮ ಎಲ್ಲೆಡೆ ಹೆಚ್ಚುಕಡಿಮೆ ಇದೇ. ಗಿರಾಕಿ ಕೊಡುವ ಬೆಲೆ 630 ರೂಪಾಯಿ. ಅದರಲ್ಲಿ ಬೊಂಬೆಯ ಬೆಲೆ 600, ಶೇ. 5ರ ಜಿಎಸ್‌ಟಿ 30. ಕಮಿಷನ್ ಶೇ. 12 ಎಂದರೆ 72 ರೂಪಾಯಿ ಎಂದುಕೊಳ್ಳುವವರೇ ಹೆಚ್ಚು. ಆದರೆ ತೆರಿಗೆಯೂ ಸೇರಿದ ಪೂರಾ ಬೆಲೆಯ ಮೇಲೆ ಕಮಿಷನ್ ಹಿಡಿದರೆ ಅದು 75 ರೂಪಾಯಿ 60 ಪೈಸೆ. ಇದರ ಜೊತೆಗೆ ಪ್ರತಿ ಆರ್ಡರಿಗೆ ನಿಗದಿ ಶುಲ್ಕವೆಂದು 30 ರೂಪಾಯಿ, ಸಾಗಾಟಕ್ಕೆ 82. ಮೂರೂ ಸೇರಿ 187 ರೂಪಾಯಿ 60 ಪೈಸೆ. ಈ ಸೇವೆಗಳ ಮೇಲೆ ಶೇ. 18 ಜಿಎಸ್‌ಟಿ ಬೀಳುತ್ತದೆ. ಒಟ್ಟು ಕಡಿತ 221 ರೂಪಾಯಿ 37 ಪೈಸೆ. ಶೇ. 12 ಎಂದು ಮಾತಾಡಿದ್ದು ಕೈಗೆ ಬರುವಾಗ ಶೇ. 35 ಆಗಿದೆ.

ಇಲ್ಲೊಂದು ಸೂಕ್ಷ್ಮವಿದೆ. ಶುಲ್ಕಗಳ ಮೇಲೆ ಸಂಘ ತೆತ್ತ ಜಿಎಸ್‌ಟಿ 33 ರೂಪಾಯಿ 77 ಪೈಸೆ, ಬೊಂಬೆಯ ಮೇಲೆ ಸರ್ಕಾರಕ್ಕೆ ಕಟ್ಟಬೇಕಾದದ್ದು 30. ಒಂದನ್ನು ಇನ್ನೊಂದಕ್ಕೆ ವಜಾ ಮಾಡಿಕೊಳ್ಳಬಹುದು, ಆದ್ದರಿಂದ ಕೈಯಿಂದ ತೆರಿಗೆ ಕಟ್ಟುವ ಪ್ರಮೇಯವಿಲ್ಲ. ಆದರೆ ಉಳಿದ 3 ರೂಪಾಯಿ 77 ಪೈಸೆ ಖಾತೆಯಲ್ಲೇ ಕೂತಿರುತ್ತದೆ. ಕೊಳ್ಳುವಾಗ ಹೆಚ್ಚು, ಮಾರುವಾಗ ಕಡಿಮೆ ತೆರಿಗೆ ಇದ್ದವರಿಗೆ ಸಿಗುವ ಮರುಪಾವತಿ ಸರಕಿನ ಮೇಲೆ ಕಟ್ಟಿದ ತೆರಿಗೆಗೆ ಮಾತ್ರ ಅನ್ವಯಿಸುತ್ತದೆ, ಸೇವೆಯ ಮೇಲಿನದಕ್ಕೆ ಇಲ್ಲ. ಈ ನಿಯಮವನ್ನು 2021ರಲ್ಲಿ ಸುಪ್ರೀಂ ಕೋರ್ಟ್ ಕೂಡ ಎತ್ತಿಹಿಡಿದಿದೆ. ಹಾಗಾಗಿ ಶುಲ್ಕ ಇದಕ್ಕಿಂತ ಹೆಚ್ಚಾದಷ್ಟೂ ಅದರ ಮೇಲಿನ ಜಿಎಸ್‌ಟಿ ಸಂಘಕ್ಕೆ ನಿಜವಾದ ಖರ್ಚೇ.

ಸಂಘದ ಖಾತೆಗೆ ಬರುವುದು 408 ರೂಪಾಯಿ 63 ಪೈಸೆ. ಕಂಪನಿ ಮೂಲದಲ್ಲೇ ಹಿಡಿಯುವ ತೆರಿಗೆ, ಅಂದರೆ ಜಿಎಸ್‌ಟಿ ಕಡೆಯಿಂದ ಅರ್ಧ ಪರ್ಸೆಂಟ್ ಮತ್ತು ಆದಾಯ ತೆರಿಗೆ ಕಡೆಯಿಂದ ಶೇ. 0.1, ಆಮೇಲೆ ಲೆಕ್ಕಕ್ಕೆ ಸಿಗುವುದರಿಂದ ಅದನ್ನಿಲ್ಲಿ ಬಿಡಬಹುದು. ಕೂಲಿ 210, ಮರ 60, ಅರಗು ಬಣ್ಣ 30, ಡಬ್ಬಿ ಪ್ಯಾಕಿಂಗ್ 40, ಸಂಘದ ಬಾಡಿಗೆ ಕರೆಂಟು ಗುಮಾಸ್ತರ ಸಂಬಳದ ಪಾಲು 25. ಒಟ್ಟು 365. ಉಳಿಯುವುದು 43 ರೂಪಾಯಿ 63 ಪೈಸೆ.

ನಷ್ಟವಿಲ್ಲವಲ್ಲ ಎಂದು ಇಲ್ಲಿಗೇ ನಿಲ್ಲಿಸುವ ಸಂಘಗಳು ವರ್ಷಾಂತ್ಯದ ಆಡಿಟ್‌ನಲ್ಲಿ ಬೆಚ್ಚಿಬೀಳುತ್ತವೆ. ವಾಪಸ್ ಬರುವ ಮಾಲು ಈ ಲೆಕ್ಕದಲ್ಲಿ ಇನ್ನೂ ಬಂದಿಲ್ಲ. ಹತ್ತು ಆರ್ಡರಿನಲ್ಲಿ ಒಂದು ವಾಪಸಾಯಿತು ಎನ್ನೋಣ. ಕಂಪನಿ ಕಮಿಷನ್ ಮತ್ತು ನಿಗದಿ ಶುಲ್ಕವನ್ನು ಮರಳಿಸುತ್ತದೆ, ಆದರೆ ಹೋಗುವ ಸಾಗಾಟದ 82, ಬರುವ ಸಾಗಾಟದ 110, ಇವೆರಡರ ಮೇಲಿನ ಜಿಎಸ್‌ಟಿ ಸೇರಿ 226 ರೂಪಾಯಿ 56 ಪೈಸೆ ಸಂಘದ ತಲೆಗೆ. ಒಂಬತ್ತು ಬೊಂಬೆ ದುಡಿದು ತಂದ 392 ರೂಪಾಯಿ 67 ಪೈಸೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೋಯಿತು. ವಾಪಸ್ ಬಂದ ಬೊಂಬೆ ದಾರಿಯಲ್ಲಿ ಉಂಗುರ ಬಿರಿದೋ ಅರಗು ಚಕ್ಕೆಯೆದ್ದೋ ಬಂದರೆ ಅದರ ಕೂಲಿ, ಸಾಮಗ್ರಿ, ಪ್ಯಾಕಿಂಗಿನ 340 ರೂಪಾಯಿಯೂ ಹೋಯಿತು. ಹತ್ತು ಆರ್ಡರಿನ ಕೊನೆಗೆ ಸಂಘಕ್ಕೆ 173 ರೂಪಾಯಿ 89 ಪೈಸೆ ನಷ್ಟ.

ಈಗ ಎರಡು ಬೇಡಿಕೆಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಕಮಿಷನ್ ಶೇ. 12ರಿಂದ 9ಕ್ಕೆ ಇಳಿದರೆ ಒಂದು ಬೊಂಬೆಗೆ ಸಿಗುವ ಲಾಭ, ಜಿಎಸ್‌ಟಿ ಸೇರಿ, 22 ರೂಪಾಯಿ 30 ಪೈಸೆ. ಒಂಬತ್ತಕ್ಕೆ 200 ರೂಪಾಯಿ 70 ಪೈಸೆ. ಸಾಗಾಟದಲ್ಲಿ ಒಡೆದ ಮಾಲಿನ ಹೊಣೆ ಕಂಪನಿಯದೇ ಎಂಬ ಷರತ್ತು ಸಿಕ್ಕರೆ ಉಳಿಯುವುದು 566 ರೂಪಾಯಿ 56 ಪೈಸೆ. ಕಮಿಷನ್ನಿಗಾಗಿ ತಿಂಗಳುಗಟ್ಟಲೆ ಜಗ್ಗಾಡಿ ಮೂರು ಪರ್ಸೆಂಟ್ ಗೆದ್ದು, ಒಡೆದ ಮಾಲಿನ ಷರತ್ತನ್ನು ಓದದೆ ಸಹಿ ಹಾಕಿದ ಸಂಘ ಗೆದ್ದದ್ದು ಚಿಲ್ಲರೆ.

ಕಂಪನಿಗಳಿಗೂ ಇದು ಚೆನ್ನಾಗಿ ಗೊತ್ತು. ಮೀಶೋ 2021ರಲ್ಲೇ ಮಾರಾಟಗಾರರಿಗೆ ಶೂನ್ಯ ಕಮಿಷನ್ ಎಂದಿತು. ಅಮೆಜಾನ್ 2025ರ ಏಪ್ರಿಲ್‌ನಿಂದ 300 ರೂಪಾಯಿಗಿಂತ ಕಡಿಮೆ ಬೆಲೆಯ ಹಲವು ಬಗೆಯ ಸಾಮಾನಿಗೆ ಕಮಿಷನ್ ತೆಗೆಯಿತು. ಕಮಿಷನ್ ಸೊನ್ನೆಯಾದರೂ ಸಾಗಾಟ, ಜಾಹೀರಾತು ಮುಂತಾದ ಬಾಬತ್ತುಗಳಿಂದ ಇಂಥ ವ್ಯವಹಾರ ನಡೆಯುತ್ತದೆ. ಕೈಕೆಲಸದ ಬೊಂಬೆ ಹಗುರವೂ ಅಲ್ಲ, ಅಗ್ಗವೂ ಅಲ್ಲ. ಆದ್ದರಿಂದ ಅದರ ಹೊರೆ ಇರುವುದು ಸಾಗಾಟದಲ್ಲಿ.

ಸಾಗಾಟ ಎಂದರೆ ಡಬ್ಬಿಯ ಅಳತೆಯೂ ಹೌದು. ಕೊರಿಯರ್ ಲೆಕ್ಕದಲ್ಲಿ ತಕ್ಕಡಿಯ ತೂಕದ ಜೊತೆಗೆ ಗಾತ್ರದ ತೂಕವೂ ಇರುತ್ತದೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿದರೆ ಬರುವ ಕಿಲೋ ಅದು. ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದರ. ನಮ್ಮ ಉಂಗುರದ ಆಟಿಕೆ ತಕ್ಕಡಿಯಲ್ಲಿ 600 ಗ್ರಾಂ. ಅದನ್ನು 14, 14, 22 ಸೆಂಟಿಮೀಟರಿನ ಡಬ್ಬಿಗೆ ಹಾಕಿದರೆ ಗಾತ್ರದ ತೂಕ 860 ಗ್ರಾಂ ಚಿಲ್ಲರೆ, ಒಂದು ಕಿಲೋ ದರದೊಳಗೆ ಹೋಯಿತು. ಪೇಟೆಯಲ್ಲಿ ಸುಲಭಕ್ಕೆ ಸಿಕ್ಕಿತೆಂದು 18, 18, 24ರ ಡಬ್ಬಿ ತಂದರೆ ಒಂದೂವರೆ ಕಿಲೋ ದಾಟಿ ಎರಡು ಕಿಲೋ ದರಕ್ಕೆ ಜಿಗಿಯುತ್ತದೆ. ಆ ದರ 120 ರೂಪಾಯಿ ಎಂದಾದರೆ ಹೆಚ್ಚುವರಿ 38, ಜಿಎಸ್‌ಟಿ ಸೇರಿ 44 ರೂಪಾಯಿ 84 ಪೈಸೆ. ಬೊಂಬೆಯಲ್ಲಿ ಉಳಿಯುತ್ತಿದ್ದದ್ದೇ 43 ರೂಪಾಯಿ 63 ಪೈಸೆ! ಇದಕ್ಕೆ ಕಂಪನಿಯನ್ನು ಬೈದು ಫಲವಿಲ್ಲ, ಡಬ್ಬಿ ಹೊಲಿಸುವವರ ಹತ್ತಿರ ಹೋಗಬೇಕು. ಆದರೆ ಗೋದಾಮಿನವರು ತಪ್ಪಾಗಿ ಅಳೆದು ಹೆಚ್ಚಿನ ದರ ಹಾಕುವುದೂ ಉಂಟು. ಅದಕ್ಕೆ ಪತ್ರದಲ್ಲಿ ಒಂದು ಸಾಲು ಬೇಕು.

ಈ ಎಲ್ಲ ಲೆಕ್ಕ ಒಂದು ಹಾಳೆಗೆ ಇಳಿದ ಮೇಲೆ ಪತ್ರ ಬರೆಯುವುದು ಕಷ್ಟವಲ್ಲ. ಆಡಳಿತ ಮಂಡಳಿ ಸಭೆ ಕರೆದು, ಯಾವ ದರಕ್ಕಿಂತ ಕೆಳಗೆ ಒಪ್ಪಬಾರದು, ಯಾರು ಸಹಿ ಮಾಡಬೇಕು ಎಂದು ನಿರ್ಣಯ ಮಾಡಿ ನಡವಳಿ ಪುಸ್ತಕದಲ್ಲಿ ಬರೆದಿಡುವುದು ಮೊದಲು. ಇಲ್ಲದಿದ್ದರೆ ನಾಳೆ ಸದಸ್ಯರೊಬ್ಬರು ಎದ್ದು ನಿಂತು ‘ಯಾರನ್ನು ಕೇಳಿ ಒಪ್ಪಿದಿರಿ’ ಎಂದರೆ ಕಾರ್ಯದರ್ಶಿಯ ಹತ್ತಿರ ಉತ್ತರವಿರುವುದಿಲ್ಲ. ಪತ್ರದ ನಡುಭಾಗ ಹೀಗಿರಬಹುದು:

‘ಮಾನ್ಯರೇ, ನಮ್ಮ ಒಂದು ಆಟಿಕೆಯ ಲೆಕ್ಕದ ಹಾಳೆಯನ್ನು ಇದರೊಂದಿಗೆ ಲಗತ್ತಿಸಿದ್ದೇವೆ. ಸಾಗಾಟದಲ್ಲಿ ಒಡೆದ ಮಾಲಿನ ಬೆಲೆ ಮತ್ತು ಎರಡೂ ಕಡೆಯ ಸಾಗಾಟ ವೆಚ್ಚವನ್ನು ತಾವು ಭರಿಸಬೇಕೆಂಬುದು ನಮ್ಮ ಮೊದಲ ಕೋರಿಕೆ. ಪ್ಯಾಕಿಂಗ್ ಹೇಗಿರಬೇಕೆಂದು ತಾವು ತಿಳಿಸಿದರೆ ಹಾಗೆಯೇ ಮಾಡಿ ಕಳಿಸುತ್ತೇವೆ. ಪೆಟ್ಟಿಗೆ ಮುಚ್ಚುವ ಮೊದಲು ತೆಗೆದ ಫೋಟೋವನ್ನು ಪ್ರತಿ ಆರ್ಡರಿಗೂ ಇಟ್ಟಿರುತ್ತೇವೆ. ತೂಕ ಅಥವಾ ಅಳತೆಯಲ್ಲಿ ವ್ಯತ್ಯಾಸವೆಂದು ಹೆಚ್ಚಿನ ದರ ಹಾಕುವಾಗ ತಮ್ಮ ಗೋದಾಮಿನ ಅಳತೆಯ ಫೋಟೋ ನಮಗೂ ಬರಬೇಕು.

‘ಅರಗಿನ ಬಣ್ಣವನ್ನು ನಾವೇ ಕಾಯಿಸಿ ಕೂಡಿಸುವುದರಿಂದ ಒಂದು ಸರದಿಯ ಕೆಂಪು ಇನ್ನೊಂದು ಸರದಿಯ ಕೆಂಪಿಗೆ ಪೂರ್ತಿ ಹೊಂದುವುದಿಲ್ಲ. ಇದನ್ನು ಮಾರಾಟದ ಪುಟದಲ್ಲಿ, ಫೋಟೋದ ಕೆಳಗೇ ಹಾಕಲು ಅವಕಾಶ ಕೊಡಬೇಕು. ಆ ಕಾರಣಕ್ಕೆ ವಾಪಸಾದ ಮಾಲನ್ನು ನಮ್ಮ ದೋಷವೆಂದು ಗಣಿಸಬಾರದು. ಆರ್ಡರ್ ಬಂದ ಮೇಲೆ ಕಳಿಸಲು ಐದು ಕೆಲಸದ ದಿನ ಬೇಕು. ರಿಯಾಯಿತಿ ಮಾರಾಟದ ದಿನಗಳಲ್ಲಿ ನಾವು ಲಿಖಿತವಾಗಿ ಒಪ್ಪಿದ ಮಾಲನ್ನು ಮಾತ್ರ ಸೇರಿಸಬೇಕು.’

ಬಣ್ಣದ ಸಾಲು ಸಣ್ಣದಾಗಿ ಕಂಡರೂ ಅದರ ಹಿಂದೆ ಕಾನೂನಿದೆ. 2020ರ ಇ-ಕಾಮರ್ಸ್ ಗ್ರಾಹಕ ರಕ್ಷಣಾ ನಿಯಮಗಳ ಪ್ರಕಾರ ಮಾಲು ದೋಷಪೂರಿತವಾಗಿದ್ದರೆ ಅಥವಾ ಪುಟದಲ್ಲಿ ಹೇಳಿದಂತೆ ಇಲ್ಲದಿದ್ದರೆ ವಾಪಸ್ ತೆಗೆದುಕೊಳ್ಳುವುದಿಲ್ಲ ಎನ್ನಲು ಮಾರಾಟಗಾರರಿಗೆ ಬರುವುದಿಲ್ಲ. ಹೀಗಾಗಿ ಪುಟದಲ್ಲಿ ಏನು ಹೇಳಿದೆ ಎಂಬುದೇ ಎಲ್ಲಕ್ಕೂ ಆಧಾರ. ಬಣ್ಣ ಬೇರೆಯಾಗಬಹುದು ಎಂದು ಮೊದಲೇ ಬರೆದಿದ್ದರೆ ‘ಫೋಟೋದಲ್ಲಿದ್ದ ಹಳದಿ ಇದಲ್ಲ’ ಎಂಬ ದೂರು ನಿಲ್ಲುವುದು ಕಷ್ಟ. ಬರೆಯದಿದ್ದರೆ ಸಂಘವೇ ತಪ್ಪಿತಸ್ಥ.

ಐದು ದಿನದ ಕೋರಿಕೆಯೂ ಹಾಗೆಯೇ. ಒಂದೆರಡು ದಿನದಲ್ಲಿ ಕಳಿಸಬೇಕೆಂಬ ನಿಯಮವಿದ್ದು ಮೀರಿದರೆ ಮಾರಾಟಗಾರರ ದರ್ಜೆ ಇಳಿಯುತ್ತದೆ, ಹುಡುಕಾಟದಲ್ಲಿ ಪುಟ ಕೆಳಗೆ ಸರಿಯುತ್ತದೆ. ಸರಿಯಾಗಿ ಒಣಗದ ಮರವನ್ನು ಅವಸರಕ್ಕೆ ಕಡೆದರೆ ಆಮೇಲೆ ಬಿರುಕು ಬಿಡುತ್ತದೆ, ಮಳೆಗಾಲದಲ್ಲಿ ಒಣಗುವುದೇ ನಿಧಾನ. ತಯಾರಿರುವಷ್ಟು ಬೊಂಬೆಯನ್ನು ಮಾತ್ರ ಪುಟದಲ್ಲಿ ತೋರಿಸಿ, ಮುಗಿದೊಡನೆ ಪುಟ ತಾನಾಗಿ ನಿಲ್ಲುವ ಏರ್ಪಾಡು ಕೇಳುವುದು ಇದಕ್ಕಿಂತಲೂ ಜಾಣತನ.

ಪಟ್ಟಿ ಮಾಡುವ ಷರತ್ತುಗಳಲ್ಲಿ ಚನ್ನಪಟ್ಟಣಕ್ಕೇ ವಿಶೇಷವಾದ ತೊಡಕೊಂದಿದೆ. 2021ರ ಜನವರಿ 1ರಿಂದ ಭಾರತದಲ್ಲಿ ಮಾರುವ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಗುರುತಿಲ್ಲದ ಆಟಿಕೆ ಮಾರಾಟವಾಗುತ್ತಿದೆಯೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ದೊಡ್ಡ ಆನ್‌ಲೈನ್ ಕಂಪನಿಗಳಿಗೆ ನೋಟಿಸ್ ಕೂಡ ಕೊಟ್ಟಿದೆ. ಹೀಗಿರುವಾಗ ಪ್ರಮಾಣಪತ್ರದ ಸಂಖ್ಯೆ ಇಲ್ಲದ ಆಟಿಕೆಯ ಪುಟವನ್ನು ಕಂಪನಿ ಹಿಂದೆಮುಂದೆ ನೋಡದೆ ತೆಗೆದುಹಾಕಿದರೆ ಆಶ್ಚರ್ಯವಿಲ್ಲ. ಆದರೆ ಅದೇ ಆದೇಶಕ್ಕೆ 2020ರ ಕೊನೆಯಲ್ಲಿ ತಿದ್ದುಪಡಿಯಾಗಿದೆ. ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿದ ಕುಶಲಕರ್ಮಿಗಳು ತಾವೇ ತಯಾರಿಸಿ ಮಾರುವ ಆಟಿಕೆಗೂ, ಜಿಐ ಪಡೆದ ಆಟಿಕೆಯನ್ನು ಅದರ ನೋಂದಾಯಿತ ಮಾಲೀಕರು ಅಥವಾ ಅಧಿಕೃತ ಬಳಕೆದಾರರು ತಯಾರಿಸಿ ಮಾರಿದಾಗಲೂ ವಿನಾಯಿತಿ ಉಂಟು.

‘ತಯಾರಿಸಿ ಮಾರುವ’ ಎಂಬುದರಲ್ಲೇ ತೊಡಕಿರುವುದು. ತಯಾರಿಸುವವರು ಕುಶಲಕರ್ಮಿ, ಬಿಲ್ಲು ಹಾಕಿ ಮಾರುವುದು ಸಂಘ. ಕುಶಲಕರ್ಮಿಗಳ ಪಹಚಾನ್ ಕಾರ್ಡುಗಳ ಪ್ರತಿ ಕಳಿಸಿದರೆ ಸಾಕೆಂದು ಸಂಘ ತಿಳಿದರೆ, ಕಂಪನಿಯ ಕಾನೂನು ವಿಭಾಗ ‘ಮಾರುವವರು ನೀವಲ್ಲವೇ’ ಎಂದು ಕೇಳಬಹುದು. ಸಂಘವೇ ಚನ್ನಪಟ್ಟಣದ ಆಟಿಕೆಯ ಅಧಿಕೃತ ಬಳಕೆದಾರನೆಂದು ಚೆನ್ನೈನ ಜಿಐ ನೋಂದಣಿ ಕಚೇರಿಯಲ್ಲಿ ದಾಖಲಾಗಿದ್ದರೆ ಈ ಪ್ರಶ್ನೆಗೆ ನೇರ ಉತ್ತರ ಸಿಗುತ್ತದೆ. ಆ ದಾಖಲೆ ಕೈಯಲ್ಲಿಟ್ಟುಕೊಂಡು ಪತ್ರದಲ್ಲಿ ಕೇಳಬೇಕಾದ್ದು ಇಷ್ಟು: ಪುಟವನ್ನು ತೆಗೆಯುವ ಮೊದಲು ಸಂಘಕ್ಕೆ ತಿಳಿಸಿ ಏಳು ದಿನ ಕೊಡಿ, ದಾಖಲೆಯನ್ನು ಮನುಷ್ಯರೊಬ್ಬರು ಓದಿ ತೀರ್ಮಾನಿಸಲಿ.

ಜಿಐ ದಾಖಲೆಗೆ ಇನ್ನೊಂದು ಉಪಯೋಗವೂ ಇದೆ. ಎಲ್ಲೋ ಯಂತ್ರದಲ್ಲಿ ಮಾಡಿ ಪೇಂಟ್ ಹೊಡೆದ ಆಟಿಕೆಯ ಹೆಸರಿನಲ್ಲಿ ‘ಚನ್ನಪಟ್ಟಣ’ ಎಂದು ಸೇರಿಸಿದರೆ ಹುಡುಕಿದವರಿಗೆ ಅದೂ ಕಾಣುತ್ತದೆ, ಬಹುಶಃ ಅರ್ಧ ಬೆಲೆಗೆ. 1999ರ ಜಿಐ ಕಾಯ್ದೆಯಡಿ ಇಂಥ ಬಳಕೆಯ ವಿರುದ್ಧ ಕ್ರಮ ಕೈಗೊಳ್ಳಬಹುದು. ಆದರೆ ಸಂಘ ಕೋರ್ಟಿಗೆ ಅಲೆಯುವುದಕ್ಕಿಂತ, ದೂರು ಕೊಟ್ಟ ಇಷ್ಟು ದಿನದೊಳಗೆ ಅಂಥ ಪುಟದಿಂದ ಆ ಹೆಸರು ತೆಗೆಯಬೇಕೆಂದು ಒಪ್ಪಂದದಲ್ಲೇ ಬರೆಸಿಕೊಳ್ಳುವುದು ಸಲೀಸು. ಕಂಪನಿಗೆ ಇದರಲ್ಲಿ ಒಂದು ಪೈಸೆಯ ಖರ್ಚೂ ಇಲ್ಲದ್ದರಿಂದ ಒಪ್ಪುವ ಸಾಧ್ಯತೆಯೂ ಹೆಚ್ಚು.

ಹಣದ ಬಾಬತ್ತಿನಲ್ಲಿ ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ. ‘ದರಪಟ್ಟಿ ಎಲ್ಲರಿಗೂ ಒಂದೇ, ನಿಮ್ಮೊಬ್ಬರಿಗೆ ಬದಲಿಸಲಾಗದು’ ಎಂಬ ಉತ್ತರ ಬಂದೇ ಬರುತ್ತದೆ. ಇದು ಬರೀ ನೆಪವಲ್ಲ. ವಿದೇಶಿ ಬಂಡವಾಳವಿರುವ ಆನ್‌ಲೈನ್ ಮಾರುಕಟ್ಟೆಗಳಿಗೆ 2019ರ ಫೆಬ್ರವರಿ 1ರಿಂದ ಅನ್ವಯವಾದ ಕೇಂದ್ರದ ನಿಯಮದ ಪ್ರಕಾರ, ಒಬ್ಬ ಮಾರಾಟಗಾರರಿಗೆ ಕೊಟ್ಟ ಷರತ್ತನ್ನು ಅದೇ ಪರಿಸ್ಥಿತಿಯ ಇತರರಿಗೆ ಕೊಡದಿದ್ದರೆ ಅದು ತಾರತಮ್ಯ. ಅನೇಕ ಸಂಘಗಳು ಎಡವುವುದು ಇಲ್ಲಿ, ತಮಗೊಬ್ಬರಿಗೇ ವಿನಾಯಿತಿ ಕೇಳಿ. ‘ಜಿಐ ಪಡೆದ ಕೈಕೆಲಸದ ವಸ್ತುಗಳನ್ನು ಮಾರುವ ಕುಶಲಕರ್ಮಿ ಸಂಘಗಳಿಗೆ’ ಎಂದು ಒಂದು ವರ್ಗವಾಗಿ ಕೇಳಿದರೆ ಅದೇ ನಿಯಮ ಸಂಘದ ಪರವಾಗಿ ತಿರುಗುತ್ತದೆ. ಫ್ಲಿಪ್‌ಕಾರ್ಟ್ 2019ರಲ್ಲಿ ಶುರುಮಾಡಿದ ಸಮರ್ಥ್, ಅಮೆಜಾನ್‌ನ ಕಾರೀಗರ್ ಮುಂತಾದ ಯೋಜನೆಗಳು ಹೆಚ್ಚುಕಡಿಮೆ ಇಂಥ ವರ್ಗಕ್ಕೇ ಇರುವಂಥವು. ಪತ್ರ ಆ ಬಾಗಿಲನ್ನೇ ತಟ್ಟಬೇಕು. ಜೊತೆಗೆ ರಿಯಾಯಿತಿಯ ಅವಧಿ ಮುಗಿದ ಮೇಲೆ ದರ ಎಷ್ಟಾಗುತ್ತದೆ, ಬದಲಾಗುವ ಎಷ್ಟು ದಿನ ಮೊದಲು ತಿಳಿಸುತ್ತೀರಿ ಎಂದು ಅದೇ ಪತ್ರದಲ್ಲಿ ಕೇಳಿಬಿಡಬೇಕು. ಮೊದಲ ಆರು ತಿಂಗಳು ಕಡಿಮೆ ದರ ಕೊಟ್ಟು ಏಳನೇ ತಿಂಗಳು ಇಮೇಲ್‌ನಲ್ಲಿ ಹೊಸ ದರಪಟ್ಟಿ ಕಳಿಸಿದರೆ, ಅಷ್ಟರಲ್ಲಿ ಲೇತ್‌ಗಳು ಆ ಒಂದೇ ಗಿರಾಕಿಗೆ ಒಗ್ಗಿಹೋಗಿರುತ್ತವೆ. ಅದೇ 2019ರ ನಿಯಮ ಇನ್ನೊಂದನ್ನೂ ಹೇಳುತ್ತದೆ: ತಮ್ಮಲ್ಲಿ ಮಾತ್ರ ಮಾರಬೇಕೆಂದು ಕಂಪನಿ ಯಾರನ್ನೂ ಕಡ್ಡಾಯ ಮಾಡುವಂತಿಲ್ಲ. ಕಾವೇರಿ ಮಳಿಗೆಗೋ ಒಎನ್‌ಡಿಸಿ ಜಾಲಕ್ಕೋ ಮಾಲು ಕೊಡುತ್ತಿರುವುದನ್ನು ಪತ್ರದಲ್ಲಿ ಮುಚ್ಚಿಡುವ ಅಗತ್ಯವಿಲ್ಲ, ಹೇಳಿದಷ್ಟೂ ಒಳ್ಳೆಯದು.

ಬಟವಾಡೆಯ ವಿಷಯ ಉಳಿಯಿತು. ಸಂಘದ ಕೂಲಿ ವಾರಕ್ಕೊಮ್ಮೆ, ಕಂಪನಿಯ ಹಣ ಮಾಲು ತಲುಪಿದ ಮೇಲೆ, ಕೆಲವು ಕಡೆ ವಾಪಸಾತಿಯ ಗಡುವು ಮುಗಿದ ಮೇಲೆ. ಸಣ್ಣ ಉದ್ಯಮಗಳ ಕಾಯ್ದೆಯಲ್ಲಿ 45 ದಿನದೊಳಗೆ ಹಣ ಕೊಡಬೇಕೆಂದಿದೆಯಲ್ಲ ಎಂದು ಕೆಲವರು ಪತ್ರದಲ್ಲಿ ಅದನ್ನು ಉಲ್ಲೇಖಿಸುತ್ತಾರೆ. ಅದು ಮಾಲು ಕೊಂಡವರಿಗೆ ಅನ್ವಯಿಸುವ ನಿಯಮ. ಕಮಿಷನ್ ಪದ್ಧತಿಯಲ್ಲಿ ಬೊಂಬೆ ಕೊಳ್ಳುವುದು ಗಿರಾಕಿ, ಕಂಪನಿ ನಡುವಿನ ಮಧ್ಯವರ್ತಿ ಮಾತ್ರ. ಹಾಗಾಗಿ ಆ ಕಾಯ್ದೆಯನ್ನು ನೆಚ್ಚಿಕೊಳ್ಳದೆ, ಮಾಲು ತಲುಪಿದ ಏಳು ದಿನಕ್ಕೆ ಹಣ ಎಂದು ಒಪ್ಪಂದದಲ್ಲೇ ದಿನ ನಮೂದಿಸಿಕೊಳ್ಳಬೇಕು.

ಎಲ್ಲವೂ ಒಮ್ಮೆಗೇ ಸಿಗುವುದಿಲ್ಲ. ಅನುಭವಸ್ಥ ಕಾರ್ಯದರ್ಶಿ ಮೂರು ಮಾದರಿಯ ಆಟಿಕೆಯನ್ನು ಮಾತ್ರ ಪ್ರಾಯೋಗಿಕವಾಗಿ ಮೂರು ತಿಂಗಳು ಇಡುತ್ತೇವೆ ಎಂದು ಬರೆಯುತ್ತಾರೆ. ಆ ಮೂರು ತಿಂಗಳಲ್ಲಿ ಕಂಪನಿ ಕಳಿಸುವ ಲೆಕ್ಕಪಟ್ಟಿಯನ್ನು ಆರ್ಡರ್ ಆರ್ಡರಿಗೂ ತಮ್ಮ ಹಾಳೆಯೊಡನೆ ತಾಳೆ ನೋಡುತ್ತಾರೆ: ತೂಕದ ದರ ಎರಡು ಕಿಲೋ ಎಂದಾಗಿರುವ ಆರ್ಡರ್‌ಗಳು ಎಷ್ಟು, ವಾಪಸಾದವುಗಳಲ್ಲಿ ‘ಒಡೆದದ್ದು’ ಎಷ್ಟು, ‘ಬೇಡವಾಯಿತು’ ಎಷ್ಟು, ವಾಪಸ್ ಎಂದು ಬರೆದೂ ಸಂಘಕ್ಕೆ ಬಂದು ಮುಟ್ಟದ್ದು ಎಷ್ಟು. ಎರಡನೇ ಪತ್ರಕ್ಕೆ ಬೇಕಾದ ಸರಕು ಇದೇ, ಏಕೆಂದರೆ ಈ ಸಲ ಅಂಕಿಗಳು ಕಂಪನಿಯದೇ. ಮೊದಲ ಪತ್ರದ ಕೊನೆಯಲ್ಲಿ ಅವರು ಮರೆಯದೆ ಸೇರಿಸುವ ಇನ್ನೊಂದು ಷರತ್ತು, ಯಾವ ಕಡೆಯವರಾದರೂ ಒಪ್ಪಂದ ಮುರಿದರೆ ಕಂಪನಿಯ ಗೋದಾಮಿನಲ್ಲಿ ಉಳಿದ ಬೊಂಬೆಗಳು 30 ದಿನದೊಳಗೆ ಚನ್ನಪಟ್ಟಣಕ್ಕೆ ಮರಳಬೇಕು, ಲಾರಿ ಬಾಡಿಗೆ ಮುರಿದವರದು.